ಆಗುಂಬೆ ಘಾಟಿಗೆಂದು ಕಾರು ಕೊಂಡದ್ದು

ಹೆಬ್ರಿಯಲ್ಲಿ ಮನೆ, ಆಗುಂಬೆಯಲ್ಲಿ ಕೆಲಸ. ಹೀಗಾಗಿ ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ತಿರುವುಗಳ ಘಾಟಿಯನ್ನು ಬೆಳಿಗ್ಗೆ ಹತ್ತಿ ಸಂಜೆ ಇಳಿಯುವುದು ನನ್ನ ದಿನಚರಿ. ಹಳೆಯ ಕಾರಿನಲ್ಲಿ ಒಂದು ಸಂಜೆ ಮೂರನೇ ಗೇರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದಾಗ, ಕೊನೆಯ ತಿರುವುಗಳ ಹೊತ್ತಿಗೆ ಪೆಡಲ್ ಗಟ್ಟಿಯಾಗಿಯೇ ಇದ್ದರೂ ಕಾರು ನಿಲ್ಲಲು ಒಪ್ಪಲಿಲ್ಲ, ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಹೊಸ ಕಾರು ಹುಡುಕತೊಡಗಿದಾಗ ಹತ್ತುವುದಕ್ಕಿಂತ ಮೊದಲು ಇಳಿಯುವುದರ ಲೆಕ್ಕ ಹಾಕಿದ್ದಕ್ಕೆ ಆ ಸಂಜೆಯೇ ಕಾರಣ.

ಲೆಕ್ಕ ಸರಳವಾಗಿದೆ. ಜನರೂ ಸೇರಿ 1,250 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 61 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಿಯಾದರೂ ಕಳೆಯಲೇಬೇಕು. ಟೈರಿನ ಘರ್ಷಣೆಗೂ ಗಾಳಿಗೂ ಹೋದದ್ದನ್ನು ಕಳೆದರೂ, ಇಪ್ಪತ್ತು ನಿಮಿಷ ಇಳಿಯುವವರೆಗೆ ಸಾವಿರ ವಾಟಿನ ನಾಲ್ಕು ನೀರು ಕಾಯಿಸುವ ಕಾಯಿಲ್‌ಗಳು ಉರಿದಷ್ಟು ಶಾಖ ಉಳಿಯುತ್ತದೆ. ಅದರ ಬಹುಪಾಲನ್ನು ಎಂಜಿನ್ ತಡೆಯಬೇಕು. ಇಲ್ಲವಾದರೆ ಎಲ್ಲವೂ ಬ್ರೇಕಿಗೆ ಬೀಳುತ್ತದೆ.

ನಾನು ಎರಡು ಪೆಟ್ರೋಲ್ ಕಾರುಗಳವರೆಗೆ ಬಂದು ನಿಂತೆ. ಒಂದು 1.0 ಲೀಟರಿನ ಮೂರು ಸಿಲಿಂಡರ್ ಟರ್ಬೊ, 170 ನ್ಯೂಟನ್ ಮೀಟರ್ ಟಾರ್ಕ್. ಇನ್ನೊಂದು ಟರ್ಬೊ ಇಲ್ಲದ 1.2 ಲೀಟರಿನ ನಾಲ್ಕು ಸಿಲಿಂಡರ್, 113 ನ್ಯೂಟನ್ ಮೀಟರ್. ಮಾರಾಟದವರು ಮಣಿಪಾಲದ ಸಮತಟ್ಟು ರಸ್ತೆಯಲ್ಲಿ ಓಡಿಸಿ ತೋರಿಸಲು ಸಿದ್ಧರಿದ್ದರು. ನಾಲ್ವರನ್ನು ಕೂರಿಸಿಕೊಂಡು ಘಾಟಿಯಲ್ಲೇ ಓಡಿಸಬೇಕೆಂದು ಹಟ ಹಿಡಿದೆ. ಎರಡೂ ಕಡೆಯವರು ಒಪ್ಪುವುದಕ್ಕೆ ವಾರವೇ ಹಿಡಿಯಿತು.

ಟಾರ್ಕಿನ ದೊಡ್ಡ ಅಂಕಿ ಎಷ್ಟು ಸುತ್ತಿನಲ್ಲಿ ಸಿಗುತ್ತದೆಂಬುದೇ ಘಾಟಿಯಲ್ಲಿ ಮುಖ್ಯ. ಎದುರಿಗೆ ಮಿನಿ ಬಸ್ ಬಂದು ತಿರುವಿನಲ್ಲಿ ನಿಧಾನಿಸಿದಾಗ ಎರಡನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿಗೆ ಇಳಿಯುತ್ತದೆ. ಟರ್ಬೊ ಅಲ್ಲಿ ಇನ್ನೂ ಎಚ್ಚೆತ್ತಿರುವುದಿಲ್ಲ. ಆಕ್ಸಲರೇಟರ್ ಒತ್ತಿದರೂ ಒಂದು ಕ್ಷಣ ಮುಗ್ಗರಿಸಿ, 1,700 ದಾಟಿದ ಮೇಲೆ ಒಮ್ಮೆಲೇ ನುಗ್ಗುತ್ತಿತ್ತು. ಮೊದಲ ಗೇರಿಗೆ ಹಾಕಿದರೆ ಈ ತೊಂದರೆಯಿಲ್ಲ. 1.2 ಲೀಟರಿನದು ಮುಗ್ಗರಿಸದೆ ಎದ್ದಿತು, ಆದರೆ ನಾಲ್ವರೊಂದಿಗೆ ಎಸಿ ಹಾಕಿದಾಗ ಏದುಸಿರು ಬಿಟ್ಟಿತು.

ಇಳಿಯುವಾಗ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಎರಡನೇ ಗೇರಿನಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಕಾಲು ತೆಗೆದರೆ ದೊಡ್ಡ ಎಂಜಿನ್ ಕಾರನ್ನು ಹಿಡಿದುಕೊಳ್ಳುತ್ತಿತ್ತು. ಚಿಕ್ಕದು ನಿಧಾನವಾಗಿ ವೇಗ ಏರಿಸಿಕೊಳ್ಳುತ್ತಲೇ ಇತ್ತು. ಎರಡರಲ್ಲೂ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇದ್ದುದರಿಂದ ಬ್ರೇಕಿನಲ್ಲಿ ಆಯ್ಕೆಗೆ ಅವಕಾಶವಿರಲಿಲ್ಲ, ಆದರೆ ಬ್ರೇಕಿನ ಮೇಲೆ ಬೀಳುವ ಹೊರೆ ಎರಡರಲ್ಲೂ ಒಂದೇ ಆಗಿರಲಿಲ್ಲ. ಸೋಮೇಶ್ವರದಲ್ಲಿ ನಿಲ್ಲಿಸಿ ಪರಿಚಯದ ಮೆಕ್ಯಾನಿಕ್ ಒಬ್ಬರು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಮುಂದಿನ ಡಿಸ್ಕ್ ಅಳೆದಾಗ ದೊಡ್ಡದರಲ್ಲಿ 130 ಡಿಗ್ರಿ, ಚಿಕ್ಕದರಲ್ಲಿ 190 ಡಿಗ್ರಿ ತೋರಿಸಿತು. ಒಂದೇ ಸಲದ ಅಳತೆ, ಒಬ್ಬನೇ ಚಾಲಕ; ಅದನ್ನು ಪ್ರಮಾಣವೆಂದು ಹೇಳಲಾರೆ, ಆದರೆ ನನ್ನ ಕಾಲಿಗೆ ಅನಿಸಿದ್ದನ್ನೇ ಅದು ಹೇಳಿತು.

ತಂಪಿನ ವಿಷಯದಲ್ಲಿ ಒಂದು ಕೊರತೆ ಎರಡರಲ್ಲೂ ಇತ್ತು: ಉಷ್ಣಾಂಶದ ಮುಳ್ಳಿನ ಬದಲು ನೀಲಿ ಮತ್ತು ಕೆಂಪು ದೀಪ ಮಾತ್ರ. ಕೆಂಪು ಹೊತ್ತಿದಾಗ ತಡವಾಗಿರುತ್ತದೆ. ಆದ್ದರಿಂದ ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಬಿಡಿ ರೀಡರ್ ಸಿಕ್ಕಿಸಿ ಫೋನಿನಲ್ಲಿ ಕೂಲಂಟ್ ಉಷ್ಣಾಂಶ ನೋಡಿದೆ. ನಿಧಾನಗತಿಯಲ್ಲಿ ರೇಡಿಯೇಟರಿಗೆ ಎದುರುಗಾಳಿ ಸಾಲದು, ಫ್ಯಾನ್ ಒಂದೇ ಗತಿ. ಹತ್ತುವಾಗ ಎರಡೂ ನೂರರ ಹತ್ತಿರ ಹೋಗಿ ಫ್ಯಾನ್ ತಿರುಗಿದ ಮೇಲೆ ಇಳಿದವು. ಹತ್ತಿ ಮುಗಿದರೂ ಅಂಕಿ ಇಳಿಯದೆ 110 ದಾಟಿದ್ದರೆ ಆ ಕಾರನ್ನು ಬಿಡುತ್ತಿದ್ದೆ.

ಕೊನೆಗೆ 1.2 ಲೀಟರಿನದನ್ನು ಕೊಂಡೆ. ಹೆಚ್ಚಿನ ದಿನ ನಾನೊಬ್ಬನೇ, ಅಪರೂಪಕ್ಕೆ ಸಹೋದ್ಯೋಗಿಯೊಬ್ಬರು ಜೊತೆಗಿರುತ್ತಾರೆ; ದಿನವೂ ಐವರನ್ನು ಹತ್ತಿಸಬೇಕಿದ್ದರೆ ಟರ್ಬೊ ಅಥವಾ ಡೀಸೆಲ್ ಕಡೆಗೇ ತೂಗುತ್ತಿದ್ದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಕುದಿದರೆ ಪೆಡಲ್ ಗಟ್ಟಿಯಾಗಿರದೆ ಮೆತ್ತಗೆ ಕೆಳಕ್ಕಿಳಿಯುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗೆ ತಡೆಯಬೇಕೆಂಬ ನಿಯಮವಿದ್ದರೆ, ತೇವ ಹಿಡಿದ ಮೇಲೆ ಅದರ ಮಿತಿ 155 ಡಿಗ್ರಿ ಮಾತ್ರ. ನಮ್ಮ ಮಳೆಯನ್ನು ನೆನೆದು, ಎರಡು ವರ್ಷಕ್ಕೆ ಸಾಕೆಂದು ಪುಸ್ತಕ ಹೇಳಿದರೂ, ಪ್ರತಿ ಮೇ ತಿಂಗಳಲ್ಲಿ ಬದಲಿಸುತ್ತಿದ್ದೇನೆ.