ಯು ಆಕಾರದ ತೋಟ ಕತ್ತರಿಸಿದಾಗ ಉಳಿದ ಗೆರೆ

ಚಿಕ್ಕಮಗಳೂರಿನ ಬಳಿಯ ಒಂದು ಕಾಫಿ ತೋಟದ ನಕ್ಷೆಯನ್ನು ಹಾಳೆಗಳಾಗಿ ವಿಂಗಡಿಸಲು ನಾನು 1974ರಲ್ಲಿ ಪ್ರಕಟವಾದ ಸದರ್ಲೆಂಡ್–ಹಾಜ್‌ಮನ್ ವಿಧಾನವನ್ನು ಬಳಸಿದ್ದೆ. ಹಾಳೆಯ ಒಂದೊಂದೇ ಅಂಚನ್ನು ತೆಗೆದುಕೊಂಡು, ಒಳಗಿರುವ ಬಿಂದುಗಳನ್ನು ಉಳಿಸಿ, ತೋಟದ ಗಡಿ ಆ ಅಂಚನ್ನು ದಾಟುವಲ್ಲಿ ಛೇದನ ಬಿಂದುವನ್ನು ಸೇರಿಸಿ, ಬಂದ ಪಟ್ಟಿಯನ್ನು ಮುಂದಿನ ಅಂಚಿಗೆ ಕೊಡುವುದೇ ಅದರ ಕ್ರಮ.

ತೋಟ ಯು ಆಕಾರದ್ದು: ಎರಡು ತೋಳುಗಳ ಅಗಲ ತಲಾ 20 ಮೀಟರ್, ನಡುವಿನ ಹಳ್ಳದ ಜಾಗವೂ 20 ಮೀಟರ್. ಹಾಳೆಯ ಕೆಳ ಅಂಚು `y = 30` ಎರಡೂ ತೋಳುಗಳನ್ನು ಅಡ್ಡಲಾಗಿ ಕತ್ತರಿಸಿತು. ಬಂದ ಪಟ್ಟಿ ಹೀಗಿತ್ತು:

```
(0,30) (60,30) (60,50) (40,50)
(40,30) (20,30) (20,50) (0,50)
```

ವಿಸ್ತೀರ್ಣ 800 ಚದರ ಮೀಟರ್ ಎಂದು ಸರಿಯಾಗಿಯೇ ಬಂದಿದ್ದರಿಂದ ದೋಷ ನನಗೆ ಬೇಗ ಕಾಣಲಿಲ್ಲ. ಬೇಲಿಯ ಲೆಕ್ಕಕ್ಕಾಗಿ ಸುತ್ತಳತೆ ತೆಗೆದಾಗ ಮಾತ್ರ 160ರ ಬದಲು 200 ಮೀಟರ್ ಬಂದಿತು. ವಿಧಾನ ಕೊಡುವುದು ಒಂದೇ ಪಟ್ಟಿಯಾದ್ದರಿಂದ, ಬೇರೆಯಾಗಬೇಕಿದ್ದ ಎರಡು ತುಂಡುಗಳನ್ನು ಅದು ಹಳ್ಳದ ಮೇಲೆ ಹೋಗಿಬರುವ ಗೆರೆಯಿಂದ ಜೋಡಿಸಿತ್ತು. ಆ 20 ಮೀಟರ್ ಎರಡು ಬಾರಿ ಎಣಿಕೆಯಾಗಿತ್ತು.

ಪರಿಹಾರವಾಗಿ, ಪ್ರತಿ ಅಂಚಿನ ನಂತರ ಅದರ ಮೇಲಿನ ಛೇದನ ಬಿಂದುಗಳನ್ನು ಕ್ರಮವಾಗಿ ಜೋಡಿಸಿ (ಇಲ್ಲಿ 0, 20, 40, 60), ಎರಡೆರಡನ್ನು ಕೂಡಿಸಿ, ಪ್ರತ್ಯೇಕ ಆವರಣಗಳನ್ನು ಕಟ್ಟಿದೆ. ಮೂಲ ಶೃಂಗವೇ ಅಂಚಿನ ಮೇಲೆ ಕುಳಿತಿದ್ದರೆ ಈ ಜೋಡಿ ತಪ್ಪುತ್ತದೆ. ಹಾಗಾಗಿ ಅಂಥ ಶೃಂಗವನ್ನು ಯಾವಾಗಲೂ ಒಳಗಿನದೆಂದೇ ಪರಿಗಣಿಸಿ, ಗಡಿ ನಿಜವಾಗಿ ಬದಿ ಬದಲಿಸಿದಾಗ ಮಾತ್ರ ಛೇದನವೆಂದು ಎಣಿಸಿದೆ.

ಕತ್ತರಿಸುವ ಹಾಳೆಯೇ ಒಳಬಾಗಿದ್ದರೆ ಈ ತಿದ್ದುಪಡಿಯೂ ಸಾಲದು, ಏಕೆಂದರೆ ಆಗ ಒಂದು ಅಂಚನ್ನು ಉದ್ದಕ್ಕೆ ಎಳೆದ ರೇಖೆ ಹಾಳೆಯೊಳಗಿನ ಭಾಗವನ್ನೇ ಕತ್ತರಿಸಿ ಎಸೆಯುತ್ತದೆ.