‘ಡಬ್ಬ ಬೇಡ ಅತ್ತಿಗೆ’: ನಮ್ಮ ಜೋನಿ ಬೆಲ್ಲಕ್ಕೆ ನಾನು ಬರೆದ ಕ್ಯಾಪ್ಷನ್

ಸಿದ್ದಾಪುರದ ಕಡೆ ನಮ್ಮದು ಸಣ್ಣ ಕಬ್ಬಿನ ಗದ್ದೆ. ಚಳಿಗಾಲ ಮುಗಿಯುತ್ತಾ ಬಂದಾಗ ಆಲೆಮನೆ ಹಾಕಿ, ಅಂದರೆ ಕಬ್ಬು ಅರೆದು ಹಾಲು ಕಾಯಿಸಿ, ಜೋನಿ ಬೆಲ್ಲ ಅನ್ನುವ ನೀರು ಬೆಲ್ಲ ಮಾಡುತ್ತೇವೆ. ಮೊದಲೆಲ್ಲ ದೊಡ್ಡ ತಗಡಿನ ಡಬ್ಬಕ್ಕೆ ತುಂಬಿ ಮಾರುತ್ತಿದ್ದೆವು. ಈಗ ಅರ್ಧ ಕೆಜಿ ಗಾಜಿನ ಬಾಟಲಿಯಲ್ಲಿ ನಮ್ಮದೇ ಹೆಸರು ಅಂಟಿಸಿ ಕೊಡುತ್ತೇವೆ. ಇನ್‌ಸ್ಟಾಗ್ರಾಂನಲ್ಲಿ ಇದಕ್ಕೊಂದು ಪೇಜ್ ಮಾಡಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. ‘ಯಾಕೆ ಶುರು ಮಾಡಿದಿರಿ ಅಂತ ಮೊದಲು ಬರೆಯಿರಿ, ಜನ ಅದನ್ನೇ ಓದೋದು.’ ಅದನ್ನು ಬರೆದದ್ದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಬೆಲ್ಲ ಕಾಯಿಸುವುದಕ್ಕಿಂತ ಇದಕ್ಕೇ ತಲೆ ಜಾಸ್ತಿ ಬಿಸಿಯಾಯಿತು ಅಂದರೆ ಸುಳ್ಳಲ್ಲ.

ಲೇಬಲ್ ಡಿಸೈನ್ ಮಾಡಿಕೊಟ್ಟ ಹುಡುಗ ಪ್ರೀತಿಯಿಂದ ಒಂದು ಕ್ಯಾಪ್ಷನ್ನನ್ನೂ ಬರೆದು ಕಳಿಸಿದ್ದ: ‘ಮಲೆನಾಡಿನ ಮಡಿಲಿನಿಂದ ನಿಮ್ಮ ಮನೆಗೆ. ಅಜ್ಜಿಯ ಕೈರುಚಿ, ಪರಂಪರೆಯ ಶುದ್ಧತೆ, ಪ್ರೀತಿಯ ಸಿಹಿ. ಮರೆತ ರುಚಿಯನ್ನು ಮರಳಿ ತರುವ ಕನಸು ನಮ್ಮದು.’ ಓದಲು ಚೆನ್ನಾಗಿಯೇ ಇತ್ತು. ಆದರೆ ‘ಸಿಹಿ’ ಇದ್ದಲ್ಲಿ ‘ಘಮ’ ಅಂತ ಹಾಕಿ ನೋಡಿದೆ, ತುಪ್ಪ ಮಾರುವವರಿಗೆ ಆಯಿತು. ‘ಖಾರ’ ಅಂತ ಹಾಕಿದರೆ ಉಪ್ಪಿನಕಾಯಿಯವರಿಗೂ ಸರಿಹೋಗುತ್ತದೆ. ಯಾರ ಬಾಟಲಿಗೆ ಬೇಕಾದರೂ ಅಂಟುವ ಮಾತು ನಮ್ಮ ಕಥೆ ಹೇಗಾದೀತು?

ಇನ್ನೊಂದು ತಕರಾರೂ ಇತ್ತು. ಅಜ್ಜಿ ಬೆಲ್ಲ ಮಾಡಿದವರೇ ಅಲ್ಲ! ನಮ್ಮಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವುದು ಮನೆಯ ಗಂಡಸರು, ಜೊತೆಗೆ ಪಾಕ ನೋಡಲು ಪ್ರತಿ ವರ್ಷ ಬರುವ ಒಬ್ಬ ಹಿರಿಯರು. ಅಜ್ಜಿ ಆಲೆಮನೆಯಲ್ಲಿ ಮಾಡುತ್ತಿದ್ದದ್ದು ತೊಡೆದೇವು ಅನ್ನುವ ಸಿಹಿತಿಂಡಿ. ಅದು ಬೇರೆಯೇ ಕಥೆ.

ಹಾಗಾಗಿ ವಾಕ್ಯ ಬರೆಯುವುದನ್ನು ಬಿಟ್ಟು, ಹಳೇ ಕ್ಯಾಲೆಂಡರಿನ ಹಿಂದೆ ನಡೆದದ್ದನ್ನು ಮಾತ್ರ ಗೀಚತೊಡಗಿದೆ. ಸಣ್ಣ ಬಾಟಲಿ ಬೇಕು ಅಂತ ಮೊದಲು ಕೇಳಿದ್ದು ಯಾರು? ಯಾವ ಮಾತಿನಲ್ಲಿ ಕೇಳಿದರು? ಅಲ್ಲಿಯವರೆಗೆ ಅವರು ಹೇಗೆ ಸುಧಾರಿಸುತ್ತಿದ್ದರು? ಮನೆಯವರಲ್ಲದೆ ಮೊದಲು ದುಡ್ಡು ಕೊಟ್ಟು ಕೊಂಡದ್ದು ಯಾರು? ಈ ನಾಲ್ಕಕ್ಕೆ ಉತ್ತರ ಬರೆದಾಗ ಗೊತ್ತಾಯಿತು, ನಾವು ಶುರು ಮಾಡಿದ್ದಕ್ಕೆ ಕನಸೂ ಕಾರಣ ಅಲ್ಲ, ಪರಂಪರೆಯೂ ಅಲ್ಲ. ಡಬ್ಬ ದೊಡ್ಡದಾಗಿದ್ದೇ ಕಾರಣ.

ನಾದಿನಿ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಮನೆಯಲ್ಲಿ ಇಬ್ಬರೇ. ಹಬ್ಬಕ್ಕೆ ಬಂದಾಗ ನಾವು ಒಂದು ಡಬ್ಬ ಕಟ್ಟಿಕೊಡಲು ಹೊರಟರೆ, ‘ಡಬ್ಬ ಬೇಡ ಅತ್ತಿಗೆ, ಇಡೋಕೆ ಜಾಗ ಇಲ್ಲ’ ಅಂದಳು. ಸರಿ ಅಂತ ಖಾಲಿ ನೀರಿನ ಬಾಟಲಿಗೆ ಸುರಿದು ಕೊಟ್ಟೆವು. ಜೋನಿ ಬೆಲ್ಲ ಜೇನಿನ ಹಾಗೆ ದಪ್ಪ, ಚಳಿಗೆ ಇನ್ನೂ ಗಟ್ಟಿಯಾಗುತ್ತದೆ. ಬಾಟಲಿಯ ಕುತ್ತಿಗೆಯೋ ಸಣ್ಣದು. ಬೆಳಿಗ್ಗೆ ದೋಸೆ ಆರುವವರೆಗೂ ಬಾಟಲಿ ಬೋರಲು ಹಾಕಿಕೊಂಡು ಕೂರುತ್ತಿದ್ದಳಂತೆ. ಕೊನೆಗೆ ಕತ್ತರಿ ತೆಗೆದುಕೊಂಡು ಬಾಟಲಿಯ ನಡು ಕತ್ತರಿಸಿ, ಚಮಚದಲ್ಲಿ ಕೆರೆದು ತೆಗೆದಳು. ಅವತ್ತು ಮನೆಗೆ ಬಂದಿದ್ದ ಪಕ್ಕದ ಮನೆಯವರು ದೋಸೆಗೆ ಹಚ್ಚಿಕೊಂಡು ತಿಂದು, ‘ನಮಗೂ ಒಂದು ತರಿಸಿ, ಆದರೆ ಹೀಗೆ ಕತ್ತರಿಸೋ ಬಾಟಲಿ ಬೇಡ’ ಅಂದರು. ದುಡ್ಡು ಕೊಟ್ಟು ಕೊಂಡ ಮೊದಲ ಗಿರಾಕಿ ಅವರೇ. ಚಮಚ ಹೋಗುವಂಥ ಅಗಲ ಬಾಯಿಯ ಗಾಜಿನ ಬಾಟಲಿ ಹುಡುಕಿದ್ದು ಅದಾದ ಮೇಲೆ.

ಇದನ್ನು ಕೇಳಿದ ಡಿಸೈನ್ ಹುಡುಗ, ‘ಅಕ್ಕಾ, ಇದು ತೀರಾ ಸಣ್ಣ ವಿಷಯ ಅಲ್ವಾ?’ ಅಂದ. ಸಣ್ಣದು ಹೌದು. ಆದರೆ ನಮ್ಮ ಬಾಟಲಿಯ ಬಾಯಿ ಯಾಕೆ ಅಗಲ, ಅಳತೆ ಯಾಕೆ ಅರ್ಧ ಕೆಜಿ ಅನ್ನುವುದಕ್ಕೆ ಅದರಲ್ಲೇ ಉತ್ತರ ಇದೆ. ಯಾಕೆ ಶುರುವಾಯಿತು ಅನ್ನುವುದೂ, ಕೊಳ್ಳುವವರ ಕೈಗೆ ಏನು ಸಿಗುತ್ತದೆ ಅನ್ನುವುದೂ ಒಂದೇ ಘಟನೆಯಲ್ಲಿ ಬಂದರೆ ಕ್ಯಾಪ್ಷನ್ನಿಗೆ ಅಷ್ಟು ಸಾಕು. ವ್ಯಾಪಾರಿಯೊಬ್ಬರು ಒಂದು ವರ್ಷ ದರ ಕಡಿಮೆ ಮಾಡಿದ್ದು, ಮಳೆಗೆ ಕಬ್ಬು ಮಲಗಿದ್ದು ಎಲ್ಲವೂ ಕ್ಯಾಲೆಂಡರಿನ ಹಿಂದೆ ಇತ್ತು. ಅವು ನಿಜವೇ ಆದರೂ ಬಾಟಲಿಗೆ ಸಂಬಂಧ ಇಲ್ಲ ಅಂತ ಬಿಟ್ಟೆ.

ಆಮೇಲೆ ಮೊದಲ ಸಾಲಿನ ಪ್ರಶ್ನೆ. ಕ್ಯಾಪ್ಷನ್ 2,200 ಅಕ್ಷರದವರೆಗೆ ಬರೆಯಬಹುದು. ಆದರೆ ಫೋನಿನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ, ಉಳಿದದ್ದಕ್ಕೆ ಒತ್ತಬೇಕು. ಕನ್ನಡದವರಿಗೆ ಇಲ್ಲಿ ಇನ್ನೊಂದು ಕಷ್ಟ ಇದೆ. ಫೋನು ಒತ್ತಕ್ಷರ, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ‘ಕೊಪ್ಪರಿಗೆ’ ನಮಗೆ ನಾಲ್ಕು ಅಕ್ಷರ, ಅದರ ಲೆಕ್ಕದಲ್ಲಿ ಒಂಬತ್ತು. ಹೀಗಾಗಿ ‘ಪಶ್ಚಿಮ ಘಟ್ಟದ ಸುಂದರ ಹಸಿರು ಮಡಿಲಲ್ಲಿ’ ಅಂತ ಶುರು ಮಾಡಿದರೆ, ವಿಷಯ ಬರುವ ಮೊದಲೇ ಓದುವವರ ಬೆರಳು ಮುಂದಿನ ಫೋಟೋಗೆ ಹೋಗಿರುತ್ತದೆ.

‘ನಾನು ಒಬ್ಬ ರೈತನ ಹೆಂಡತಿ’ ಅಂತ ಶುರು ಮಾಡಿ ನೋಡಿದೆ. ನನ್ನ ಪರಿಚಯ ಆಯಿತು, ಬೆಲ್ಲ ಎಲ್ಲೂ ಇಲ್ಲ. ‘ಜೋನಿ ಬೆಲ್ಲ ಅಂದರೆ ಗೊತ್ತಾ?’ ಅಂತ ಬರೆದರೆ ಪಾಠ ಮಾಡಿದ ಹಾಗಾಯಿತು. ಕೊನೆಗೆ ನಾದಿನಿಯ ಮಾತನ್ನೇ ಹಾಗೇ ಇಟ್ಟೆ. ಯಾವ ಡಬ್ಬ, ಯಾಕೆ ಬೇಡ ಅಂತ ತಿಳಿಯಲಾದರೂ ಒತ್ತುತ್ತಾರೆ. ಹಾಕುವ ಮೊದಲು ಅವಳನ್ನು ಕೇಳಿದೆ. ‘ಹೆಸರು ಹಾಕಬೇಡಿ, ಕತ್ತರಿ ವಿಷಯ ಹಾಕಿ’ ಅಂತ ನಕ್ಕಳು.

ಇನ್ನು ಏನೇನು ಬರೆಯಬಾರದು ಅನ್ನುವ ವಿಷಯ. ‘ಶುಗರ್ ಇರುವವರೂ ತಿನ್ನಬಹುದು ಅಂತ ಹಾಕಿ, ಚೆನ್ನಾಗಿ ಹೋಗುತ್ತೆ’ ಅಂತ ಸಲಹೆ ಕೊಟ್ಟವರು ಇದ್ದಾರೆ. ಬೆಲ್ಲವೂ ಸಕ್ಕರೆಯೇ. ಕಬ್ಬಿನ ಹಾಲಿನ ನೀರು ಆರಿಸಿದ ಮೇಲೆ ಉಳಿಯುವುದು ಹೆಚ್ಚಾಗಿ ಅದೇ. ತಿಂದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಆಹಾರದ ಜಾಹೀರಾತಿಗೆ, ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ತಂದ ನಿಯಮಗಳಿವೆ. ಕಾಯಿಲೆ ವಾಸಿಯಾಗುತ್ತದೆ ಅನ್ನುವಂಥ ಮಾತು ಅದರ ಪ್ರಕಾರ ಸಲ್ಲದು. ‘ನೈಸರ್ಗಿಕ’, ‘ಶುದ್ಧ’, ‘ಸಾಂಪ್ರದಾಯಿಕ’ ಅಂತ ಹಾಕಲಿಕ್ಕೂ ಷರತ್ತುಗಳಿವೆ. ನಮ್ಮ ಪೇಜಿನ ಕ್ಯಾಪ್ಷನ್ನೂ ಒಂದು ಜಾಹೀರಾತೇ. ಕಥೆ ಹೇಳುತ್ತಿದ್ದೇವೆ ಅಂದಮಾತ್ರಕ್ಕೆ ಅದು ಮನೆ ಜಗುಲಿಯ ಮಾತಾಗುವುದಿಲ್ಲ.

‘ಕೆಮಿಕಲ್ ಇಲ್ಲ’ ಅನ್ನುವುದೂ ಹಾಗೇ. ಕಾಯುವ ಕಬ್ಬಿನ ಹಾಲಿಗೆ ನಾವು ಸುಣ್ಣದ ತಿಳಿ ಹಾಕುತ್ತೇವೆ. ಅದು ಹುಳಿಯನ್ನು ತಗ್ಗಿಸಿ, ಕೊಳೆಯನ್ನು ನೊರೆ ಜೊತೆ ಮೇಲೆ ತರುತ್ತದೆ. ಆ ನೊರೆ ತೆಗೆಯದಿದ್ದರೆ ಬೆಲ್ಲ ಮಂಕಾಗುತ್ತದೆ. ಸುಣ್ಣ ಕೆಮಿಕಲ್ಲೇ ಅಲ್ಲವಾ ಅಂತ ಯಾರಾದರೂ ಕೇಳಿದರೆ ಏನು ಹೇಳಲಿ? ಬಣ್ಣ ತಿಳಿಯಾಗಲಿ ಅಂತ ಕೆಲವು ಕಡೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ, ನಾವು ಹಾಕುವುದಿಲ್ಲ. ಹಾಗಾಗಿ ಏನು ಹಾಕುತ್ತೇವೆ, ಏನು ಹಾಕುವುದಿಲ್ಲ ಅಂತ ಎರಡನ್ನೂ ನೇರವಾಗಿ ಬರೆದೆ. ‘ಶುದ್ಧ’ ಅನ್ನುವುದಕ್ಕಿಂತ ಅದೇ ಜಾಸ್ತಿ ಕೆಲಸ ಮಾಡಿತು ಅಂತ ನನಗನಿಸುತ್ತದೆ.

ಕೊನೆಗೆ ಹಾಕಿದ್ದು ಇದು:

‘ಡಬ್ಬ ಬೇಡ ಅತ್ತಿಗೆ, ಇಡೋಕೆ ಜಾಗ ಇಲ್ಲ.’

ಬೆಂಗಳೂರಿನ ನನ್ನ ನಾದಿನಿ ಹೀಗಂದಾಗ, ನೀರಿನ ಬಾಟಲಿಗೆ ಜೋನಿ ಬೆಲ್ಲ ತುಂಬಿ ಕೊಟ್ಟೆವು. ಚಳಿಗೆ ಬೆಲ್ಲ ಇಳಿಯಲಿಲ್ಲ. ಅವಳು ಕತ್ತರಿಯಿಂದ ಬಾಟಲಿ ಕತ್ತರಿಸಿ, ಚಮಚದಲ್ಲಿ ತೆಗೆದು ದೋಸೆಗೆ ಹಚ್ಚಿದಳು. ಅದನ್ನು ತಿಂದ ಪಕ್ಕದ ಮನೆಯವರು ನಮಗೂ ಬೇಕು ಅಂದರು, ಕತ್ತರಿಸೋ ಬಾಟಲಿ ಮಾತ್ರ ಬೇಡ ಅಂದರು.

ಅದಕ್ಕೇ ಈ ಅರ್ಧ ಕೆಜಿ ಬಾಟಲಿ. ಬಾಯಿ ಅಗಲ, ಚಮಚ ಹೋಗುತ್ತದೆ.

ಕಬ್ಬು ನಮ್ಮ ಗದ್ದೆಯದು, ಆಲೆಮನೆ ಅಂಗಳದ್ದು. ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕಿ ನೊರೆ ತೆಗೆಯುತ್ತೇವೆ. ಹೈಡ್ರೋಸ್ ಹಾಕುವುದಿಲ್ಲ, ಅದಕ್ಕೇ ಬಣ್ಣ ಗಾಢ. ವರ್ಷಕ್ಕೆ ಒಂದೇ ಸಲ ಕಾಯಿಸುತ್ತೇವೆ. ಮುಗಿದರೆ ಮುಂದಿನ ಆಲೆಮನೆವರೆಗೆ ಕಾಯಬೇಕು.

ಜೊತೆಗೆ ಹಾಕಿದ ಫೋಟೋ ಕೊಪ್ಪರಿಗೆಯದಲ್ಲ. ಹೊಗೆ, ಬೆಂಕಿ, ಆಲೆಮನೆ ಎಲ್ಲ ನೋಡಲು ಚಂದ. ಆದರೆ ಈ ಕ್ಯಾಪ್ಷನ್ನಿಗೆ ಬೇಕಿದ್ದದ್ದು ಬಾಟಲಿಯಲ್ಲಿ ನಿಂತ ಚಮಚ. ಆಲೆಮನೆಯದನ್ನು ಇನ್ನೊಂದು ದಿನ ಬೇರೆಯಾಗಿ ಹಾಕಿದೆ.

ಹಾಕಿದ ಮೇಲೆ ಬಂದ ಪ್ರಶ್ನೆಗಳಿಂದ ಒಂದು ಸಾಲು ಸೇರಿಸಬೇಕಾಯಿತು. ಸ್ವಲ್ಪ ದಿನ ಇಟ್ಟ ಬೆಲ್ಲದ ತಳದಲ್ಲಿ ಹರಳು ಕಟ್ಟುತ್ತದೆ. ‘ಸಕ್ಕರೆ ಬೆರೆಸಿದ್ದೀರಾ?’ ಅಂತ ಕೇಳುವವರು ಕಡಿಮೆ ಇಲ್ಲ. ಪಾಕ ಸ್ವಲ್ಪ ಗಟ್ಟಿಯಾದರೆ ಕಬ್ಬಿನದೇ ಸಕ್ಕರೆ ತಳದಲ್ಲಿ ಹರಳಾಗುತ್ತದೆ, ತಿನ್ನಲು ತೊಂದರೆ ಇಲ್ಲ. ನಿಜವಾಗಿ ಹೆದರಬೇಕಾದದ್ದು ಪಾಕ ತೆಳುವಾದಾಗ. ನೀರಿನಂಶ ಉಳಿದ ಬೆಲ್ಲ ಬಿಸಿಲಿಗೆ ಹುಳಿಯುತ್ತದೆ. ಮುಚ್ಚಳ ತೆಗೆದರೆ ಗಾಳಿ ಬುಸ್ ಅನ್ನುತ್ತದೆ, ಮೇಲೆ ಸಣ್ಣ ಗುಳ್ಳೆ, ಮೂಗಿಗೆ ಹೆಂಡದ ವಾಸನೆ. ಅಂಥದ್ದು ಬಂದರೆ ತಿನ್ನಬೇಡಿ, ಫೋಟೋ ಕಳಿಸಿ, ಬೇರೆ ಕೊಡುತ್ತೇವೆ ಅಂತ ಬರೆದೆ. ‘ಶುರುವಾದ ಕಥೆಯಲ್ಲಿ ಹುಳಿಯೋ ವಿಷಯ ಯಾಕೆ?’ ಅಂತ ನಮ್ಮ ಮನೆಯವರು ಮುಖ ಸಿಂಡರಿಸಿದರು. ಅವರ ಮಾತೂ ಸರಿಯೇ ಅನ್ನಿಸಿತು. ಹರಳಿನ ಸಾಲನ್ನು ಮಾತ್ರ ಕ್ಯಾಪ್ಷನ್ನಿನ ಕೊನೆಗೆ ಇಟ್ಟು, ಹುಳಿಯುವ ವಿಷಯವನ್ನು ಬಾಟಲಿಯ ಲೇಬಲ್ಲಿಗೆ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರಿನ ಕೆಳಗೆ ಸಾಗಿಸಿದೆ.