ಸೆಡೆರ್ ರಾತ್ರಿಗೆ ಹೊಸ ಅತಿಥಿ: ಮೊದಲೇ ವಿವರಿಸದೆ ಕೂರಿಸಿದ ನನ್ನ ಅನುಭವ

ಯೆಹೂದಿಗಳ ಪೆಸಾಖ್ ಹಬ್ಬದ ರಾತ್ರಿಯ ವಿಧಿಪೂರ್ವಕ ಊಟವಾದ ಸೆಡೆರ್‌ಗೆ ಮೊದಲ ಬಾರಿ ಬರುವವರಿಗೆ ಮೇಜಿನ ಮೇಲಿರುವುದನ್ನೆಲ್ಲ ಮೊದಲೇ ವಿವರಿಸಿ ಹೇಳಬಾರದು ಎಂದು ನಾನು ಅಂದಾಗ ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಮದುವೆಯಾಗಿ ನ್ಯೂಜೆರ್ಸಿಯ ಈ ಯೆಹೂದಿ ಮನೆಗೆ ಬಂದ ಮೇಲೆ ಹತ್ತು ಹನ್ನೆರಡು ಸೆಡೆರ್‌ಗಳ ಸಿದ್ಧತೆ ನನ್ನ ಕೈಯಲ್ಲೇ ನಡೆದಿದೆ. ಆದರೂ ಕಳೆದ ವರ್ಷ ಊರಿನಿಂದ ಬಂದಿದ್ದ ನನ್ನ ಸೋದರತ್ತೆಯ ಮಗಳು ನಾಲ್ಕು ಗಂಟೆ ಕುಳಿತು, ಕೊನೆಯ ಹಾಡಿನವರೆಗೂ ಕಣ್ಣರಳಿಸಿಕೊಂಡು ನೋಡಿದ ಮೇಲೆಯೇ ನಮ್ಮ ಅತ್ತೆಯವರು "ಇನ್ನು ಮುಂದೆ ಹೀಗೇ ಮಾಡೋಣ" ಎಂದರು.

ಅದಕ್ಕೂ ಮುಂಚಿನ ಸೋಲುಗಳನ್ನು ಹೇಳಿಬಿಡುತ್ತೇನೆ. ಮೊದಲ ವರ್ಷ ನನ್ನ ಸಹೋದ್ಯೋಗಿ ದಂಪತಿಯನ್ನು ಕರೆದಿದ್ದೆ. ಅವರು ಪ್ರೀತಿಯಿಂದ ಹೋಳಿಗೆ ಮಾಡಿಕೊಂಡು ಬಂದರು. ಕಣಕ ಮೈದಾದ್ದು, ಅಂದರೆ ಈ ಹಬ್ಬದಲ್ಲಿ ನಿಷಿದ್ಧವಾದ, ಹುದುಗುವ ಧಾನ್ಯದ ತಿನಿಸು, ಖಮೇತ್ಸ್. ಹೂರಣ ಕಡಲೆಬೇಳೆಯದು, ಅದನ್ನು ಅತ್ತೆಯವರಂತಹ ಯುರೋಪ್ ಮೂಲದ ಅಶ್ಕೆನಾಜಿ ಸಂಪ್ರದಾಯದವರು ಕಿತ್ನಿಯೋತ್, ಅಂದರೆ ಬೇಳೆಕಾಳು ಅಕ್ಕಿಗಳ ಗುಂಪಿನದು ಎಂದು ಹಬ್ಬದ ದಿನಗಳಲ್ಲಿ ಮುಟ್ಟುವುದಿಲ್ಲ. ವಾರವಿಡೀ ತಿಕ್ಕಿ ತೊಳೆದ ಮನೆಯೊಳಗೆ ಅದನ್ನು ತರುವಂತಿರಲಿಲ್ಲ, ಡಬ್ಬಿ ಅವರ ಕಾರಿನಲ್ಲೇ ಉಳಿಯಿತು. ಅವರ ಮುಖ ಸಪ್ಪಗಾದದ್ದು ಇಂದಿಗೂ ನನಗೆ ನೋವು. ಆಮೇಲೆ ನಾನು ಸೆಡೆರ್ ತಟ್ಟೆಯ ಆರು ಪದಾರ್ಥಗಳನ್ನು, ಸಂಜೆಯ ಹದಿನೈದು ಘಟ್ಟಗಳನ್ನು ಅರ್ಧ ಗಂಟೆ ವಿವರಿಸಿದೆ. ಆ ರಾತ್ರಿ ಓದುವ ಪುಸ್ತಕವಾದ ಹಗ್ಗಾದಾ ಓದುವಾಗ ಅದೇ ವಿಷಯಗಳು ಮತ್ತೆ ಬಂದವು, ಊಟ ಬಡಿಸುವಾಗ ಹತ್ತು ಗಂಟೆಯಾಗಿತ್ತು, ಇಬ್ಬರೂ ಹಸಿವಿನಿಂದ ಬಳಲಿದ್ದರು.

ಯೋಚಿಸಿದಾಗ ನನ್ನ ತಪ್ಪೇನೆಂಬುದು ಹಗ್ಗಾದಾದಲ್ಲೇ ಸಿಕ್ಕಿತು. ಆ ರಾತ್ರಿಯ ವಿಚಿತ್ರಗಳೆಲ್ಲ ಮಕ್ಕಳು "ಇದೇಕೆ ಹೀಗೆ" ಎಂದು ಕೇಳಲಿ ಎಂಬುದಕ್ಕಾಗಿಯೇ ಇವೆ. ಪ್ರಶ್ನೆ ಹುಟ್ಟುವ ಮುಂಚೆ ಉತ್ತರ ಕೊಟ್ಟರೆ ಆ ವ್ಯವಸ್ಥೆಯನ್ನೇ ಕೆಡಿಸಿದಂತೆ. ಅಲ್ಲದೆ ಪೆಸಾಖ್ ಬಲಿ, ಹುದುಗಿಸದ ರೊಟ್ಟಿಯಾದ ಮಾತ್ಸಾ, ಕಹಿ ಸೊಪ್ಪು ಗೆಡ್ಡೆಯಾದ ಮಾರೋರ್ ಈ ಮೂರರ ಅರ್ಥ ಹೇಳದವನು ತನ್ನ ಕರ್ತವ್ಯ ಮುಗಿಸಿದಂತಾಗುವುದಿಲ್ಲ ಎಂಬ ಪ್ರಾಚೀನ ಧರ್ಮಗುರು ರಬ್ಬಾನ್ ಗಮ್ಲಿಯೇಲರ ಮಾತು ಹಗ್ಗಾದಾದ ಮಧ್ಯದಲ್ಲೇ ಬರುತ್ತದೆ. ವಿವರಣೆಗೆ ಅದೇ ಜಾಗ.

ಹಾಗಾಗಿ ಈಗ ನಾನು ಅತಿಥಿಗೆ ಫೋನಿನಲ್ಲಿ ಮೂರೇ ಮಾತು ಹೇಳುತ್ತೇನೆ: ಮನೆಯಲ್ಲಿ ಮಾಡಿದ ತಿಂಡಿ ತರಬೇಡಿ, ಹೂವು ತನ್ನಿ; ಐದು ಗಂಟೆಗೆ ಏನಾದರೂ ತಿಂದು ಬನ್ನಿ; ವೈನ್ ಕುಡಿಯದವರಿಗೆ ದ್ರಾಕ್ಷಿ ರಸ ಇರುತ್ತದೆ, ಆ ರಾತ್ರಿ ಕುಡಿಯಬೇಕಾದ ನಾಲ್ಕು ಬಟ್ಟಲೂ ಅದರಲ್ಲೇ ಆಗುತ್ತದೆ. ನನ್ನ ಸೋದರತ್ತೆಯ ಮಗಳು ಚಿತ್ರಾನ್ನವನ್ನಾದರೂ ತರಲೇ ಎಂದು ಕೇಳಿದಳು. ಅಕ್ಕಿಯೂ ಕಿತ್ನಿಯೋತ್ ಎಂದೆ. ಕನ್ಸರ್ವೆಟಿವ್ ಪಂಥದ ಧರ್ಮಸಮಿತಿ 2015ರಲ್ಲಿ ಕಿತ್ನಿಯೋತ್‌ಗೆ ಅನುಮತಿ ನೀಡಿದೆಯಾದರೂ ಅತ್ತೆಯವರು ಹಳೆಯ ರೂಢಿಯನ್ನು ಬಿಟ್ಟಿಲ್ಲ. ಅದಕ್ಕಿಂತ ದೊಡ್ಡ ತೊಡಕು ಒಗ್ಗರಣೆಯಲ್ಲಿದೆ: ಅಂಗಡಿಯ ಡಬ್ಬಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ನಮ್ಮವರು ಇದನ್ನು ಮರೆಯುವುದೇ ಹೆಚ್ಚು.

ಮೇಜಿನ ಮೇಲೆ ಒಂದೇ ದೊಡ್ಡ ಸೆಡೆರ್ ತಟ್ಟೆ ಇಟ್ಟರೆ ದೂರ ಕುಳಿತವರಿಗೆ ಏನೂ ಕಾಣುವುದಿಲ್ಲ. ನಾನು ಅತಿಥಿಯ ಮುಂದೆ ಒಂದು ಚಿಕ್ಕ ತಟ್ಟೆ ಇಟ್ಟು, ತಿನ್ನುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಪದಾರ್ಥ ಜೋಡಿಸುತ್ತೇನೆ. ಮೊದಲ ಬಟ್ಟಲಿನ ಆಶೀರ್ವಚನವಾಗಿ, ಕೈ ತೊಳೆದು, ಕರ್ಪಸ್ ಎಂಬ ತರಕಾರಿಯನ್ನು ಉಪ್ಪುನೀರಿನಲ್ಲಿ ಅದ್ದಿ ತಿನ್ನುವಾಗ ಅವಳು "ಉಪ್ಪುನೀರು ಯಾಕೆ" ಎಂದು ತಾನಾಗಿಯೇ ಕೇಳಿದಳು. ಈಜಿಪ್ಟಿನ ದಾಸ್ಯದ ಕಣ್ಣೀರು ಎಂದು ಒಂದೇ ವಾಕ್ಯದಲ್ಲಿ ಹೇಳಿದೆ, ಅಷ್ಟೇ ಸಾಕಾಯಿತು.

ಇಲ್ಲಿಯೇ ನನ್ನ ಎರಡನೆಯ ಉಪಾಯವಿದೆ. ಕರ್ಪಸ್‌ಗೆ ಒಂದು ಎಲೆ ಪಾರ್ಸ್ಲಿ ಕೊಟ್ಟು ಮುಗಿಸುವ ಬದಲು ಬೇಯಿಸಿದ ಆಲೂಗೆಡ್ಡೆ, ಸೆಲರಿ, ಕ್ಯಾರೆಟ್ ತುಂಬಿದ ತಟ್ಟೆಯನ್ನು ಮೇಜಿನ ಸುತ್ತ ಕಳಿಸುತ್ತೇನೆ. ಕಟ್ಟುನಿಟ್ಟಿನ ಮನೆಗಳಲ್ಲಿ ಕರ್ಪಸನ್ನು ಒಂದು ಆಲಿವ್ ಕಾಯಿಯ ಗಾತ್ರಕ್ಕಿಂತ ಕಡಿಮೆಯೇ ತಿನ್ನುತ್ತಾರೆ. ಅತ್ತೆಯವರ ಆಕ್ಷೇಪವೂ ಅದೇ ಆಗಿತ್ತು. ನಮ್ಮ ಸಿನಗಾಗಿನ ರಬ್ಬಿಯವರನ್ನು ಕೇಳಿದೆವು, ಅವರು ನಮಗೆ ಅಡ್ಡಿಯಿಲ್ಲ ಎಂದರು. ಮೂರು ಕಿಲೋ ಆಲೂಗೆಡ್ಡೆಯ ಖರ್ಚಿನಲ್ಲಿ ಹದಿನಾಲ್ಕು ಜನರ ಹಸಿವು ಒಂದೂವರೆ ಗಂಟೆ ತಡೆಯಿತು.

ಹಣ ಹಾಳಾದದ್ದು ಮಾತ್ಸಾದಲ್ಲಿ. ಹಿಟ್ಟಿಗೆ ನೀರು ಬಿದ್ದ ಹದಿನೆಂಟು ನಿಮಿಷಗಳೊಳಗೆ ಬೇಯಬೇಕಾದ ಈ ರೊಟ್ಟಿಯ ಕೈತಟ್ಟಿದ ಬಗೆಗೆ ನಮ್ಮ ಕಡೆ ಪೌಂಡಿಗೆ ಸುಮಾರು ಮೂವತ್ತು ಡಾಲರ್. ಒಂದು ವರ್ಷ ಎಲ್ಲರಿಗೂ ಅದೇ ಇರಲೆಂದು ನೂರಿಪ್ಪತ್ತು ಡಾಲರ್ ಸುರಿದೆ. ಮನೆಗೆ ತಂದು ಬಿಚ್ಚಿದರೆ ಮುಕ್ಕಾಲು ಭಾಗ ಮುರಿದಿತ್ತು. ಬಟ್ಟೆಯ ಕೆಳಗಿಡುವ ಮೂರೂ ಇಡಿಯಾಗಿರಬೇಕು, ಏಕೆಂದರೆ ನಡುವಿನದನ್ನು ಎಲ್ಲರೆದುರು ಮುರಿದು ದೊಡ್ಡ ಚೂರನ್ನು ಅಫಿಕೋಮನ್ ಎಂದು ಬಚ್ಚಿಡುತ್ತಾರೆ, ಊಟದ ಹೊತ್ತಿನ ಆಶೀರ್ವಚನಕ್ಕೆ ಮೇಲಿನದೂ ಕೆಳಗಿನದೂ ಇಡಿಯಾಗಿ ಉಳಿದಿರಬೇಕು. ಈಗ ಒಂದೇ ಪೌಂಡ್ ಕೊಂಡು, ಅಂಗಡಿಯಲ್ಲೇ ಪೆಟ್ಟಿಗೆ ತೆರೆದು ನೋಡುತ್ತೇನೆ. ಉಳಿದವರಿಗೆ ಯಂತ್ರದ ಮಾತ್ಸಾ.

ಮಗ್ಗೀದ್, ಅಂದರೆ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯ ಕಥೆ ಹೇಳುವ ಭಾಗ, ಅತಿ ಉದ್ದದ್ದು. ಮನೆಯ ಕಿರಿಯ ಮಗು ನಾಲ್ಕು ಪ್ರಶ್ನೆಗಳನ್ನು ಹಾಡಿತು. ಈಜಿಪ್ಟಿನ ಮೇಲೆ ಬಂದ ಹತ್ತು ಪಿಡುಗುಗಳ ಹೆಸರು ಹೇಳುತ್ತ ಬಟ್ಟಲಿನಿಂದ ಬೆರಳಲ್ಲಿ ಹನಿ ತೆಗೆಯುವಾಗ ಸೋದರತ್ತೆಯ ಮಗಳು ಬೆರಳನ್ನು ಬಾಯಿಗಿಡಹೋದಳು, ನಾನು ಮೆಲ್ಲನೆ ಕೈ ಹಿಡಿದೆ. ಈಜಿಪ್ಟಿನವರ ಸಂಕಟಕ್ಕಾಗಿ ನಮ್ಮ ಸಂತೋಷದಿಂದ ತೆಗೆದಿಟ್ಟ ಹನಿಗಳು ಅವು, ಅವನ್ನು ನೆಕ್ಕುವುದಿಲ್ಲ. ತಟ್ಟೆಯ ಮೂಳೆಯನ್ನು ನೋಡಿ ಸಸ್ಯಾಹಾರಿಯಾದ ಅವಳು ಹಿಂಜರಿಯುತ್ತಾಳೆಂದು ನಾನು ಅವಳ ಚಿಕ್ಕ ತಟ್ಟೆಯಲ್ಲಿ ಅದರ ಬದಲು ಸುಟ್ಟ ಬೀಟ್‌ರೂಟ್ ಇಟ್ಟಿದ್ದೆ. ಇದು ನನ್ನ ಕಲ್ಪನೆಯಲ್ಲ, ಯೆಹೂದಿ ಧರ್ಮಶಾಸ್ತ್ರ ತಾಲ್ಮೂದಿನ ಪೆಸಾಖೀಮ್ ಭಾಗದಲ್ಲಿ ರಾವ್ ಹೂನ ಎಂಬ ಗುರು ಈ ರಾತ್ರಿಯ ಮೇಜಿಗೆ ಬೀಟ್ ಮತ್ತು ಅಕ್ಕಿಯನ್ನು ಹೆಸರಿಸಿದ್ದಾರೆ. ಮೂಳೆಯನ್ನಾಗಲಿ ತಟ್ಟೆಯ ಸುಟ್ಟ ಮೊಟ್ಟೆಯನ್ನಾಗಲಿ ಆಗ ಯಾರೂ ತಿನ್ನುವುದಿಲ್ಲ. ಎರಡೂ ಜೆರುಸಲೇಮಿನ ದೇವಾಲಯದಲ್ಲಿ ನಡೆಯುತ್ತಿದ್ದ ಬಲಿಗಳ ನೆನಪು.

ಮಾರೋರ್‌ಗೆ ನಾವು ಹಾರ್ಸ್‌ರ್ಯಾಡಿಶ್ ಗೆಡ್ಡೆ ತುರಿಯುತ್ತೇವೆ. ಹಿಂದೊಬ್ಬರು ಮೂಲಂಗಿಯೆಂದು ಒಂದು ಚಮಚ ಬಾಯಿಗೆ ಹಾಕಿಕೊಂಡು ಐದು ನಿಮಿಷ ಕೆಮ್ಮಿದ್ದರು. ತುರಿದಾಗಲೇ ಅದರ ಘಾಟು ಏಳುತ್ತದೆ, ತೆರೆದಿಟ್ಟಂತೆ ಇಳಿಯುತ್ತದೆ. ಹೊಸಬರಿಗೆ ಲೆಟಿಸ್ ಎಲೆಯನ್ನೂ ಇಡುತ್ತೇನೆ, ಅದೂ ಶಾಸ್ತ್ರಸಮ್ಮತವೇ. ಮಾರೋರನ್ನು ಖರೋಸೆತ್ ಎಂಬ ಸಿಹಿ ಹಣ್ಣಿನ ಗೊಜ್ಜಿನಲ್ಲಿ ಅದ್ದುವಾಗ ಅವಳು "ಯುಗಾದಿಯ ಬೇವು ಬೆಲ್ಲದಂತೆ ಅಲ್ಲವೇ ಅಕ್ಕ" ಎಂದಳು. ಅಲ್ಲ ಎಂದೆ. ಬೇವು ಬೆಲ್ಲದಲ್ಲಿ ಸಿಹಿ ಕಹಿಗಳನ್ನು ಒಟ್ಟಿಗೆ ಸ್ವೀಕರಿಸುತ್ತೇವೆ. ಇಲ್ಲಿ ಖರೋಸೆತ್ ದಾಸರು ಇಟ್ಟಿಗೆಗೆ ಕಲಸಿದ ಕೆಸರಿನ ಗುರುತು, ಅದ್ದಿದ ಮೇಲೆ ಅದನ್ನು ಕೊಡವಿ ತಿನ್ನಬೇಕು, ಕಹಿ ಮರೆಯಾಗಬಾರದು.

ಖರೋಸೆತ್‌ಗೆ ಅತ್ತೆಯವರದು ಸೇಬು, ವಾಲ್‌ನಟ್, ದಾಲ್ಚಿನ್ನಿ. ನಾನು ಒಮ್ಮೆ ಬಾಗ್ದಾದಿ ಯೆಹೂದಿಗಳಂತೆ ಖರ್ಜೂರದ ಪಾಕದಲ್ಲಿ ಮಾಡಿ ನೋಡಿದೆ. ಒಂದು ಕಿಲೋ ಖರ್ಜೂರವನ್ನು ರಾತ್ರಿ ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಬತ್ತಿಸಿದರೆ ಅರ್ಧ ಕಿಲೋಗಿಂತ ತುಸು ಕಡಿಮೆ ಪಾಕ ಬಂತು. ಮೊದಲ ಸಲ ತಳ ಹಿಡಿಯಿತು, ಎರಡನೆಯ ಸಲದ್ದು ಎಷ್ಟು ಚೆನ್ನಾಗಿತ್ತೆಂದರೆ ಈಗ ಮೇಜಿನ ಮೇಲೆ ಎರಡೂ ಬಗೆ ಇರುತ್ತವೆ.

ಊಟ ಮುಗಿದಾಗ ಮಕ್ಕಳು ಅಫಿಕೋಮನ್ ಹುಡುಕಿ ತಂದು ಐದೈದು ಡಾಲರ್ ಪಡೆದರು. ಅದನ್ನು ತಿಂದ ಮೇಲೆ ಬೇರೇನೂ ತಿನ್ನುವಂತಿಲ್ಲ ಎಂದು ಅತಿಥಿಗೆ ಆಗಲೇ ನೆನಪಿಸಬೇಕು, ಇಲ್ಲದಿದ್ದರೆ ಸಿಹಿಗೆ ಕೈ ಹಾಕುತ್ತಾರೆ. ಎಲೀಯ ಪ್ರವಾದಿಯ ಬಟ್ಟಲು ತುಂಬಿಸಿ ಬಾಗಿಲು ತೆರೆಯುವ ಕೆಲಸವನ್ನು ನಾನು ಅವಳಿಗೇ ಕೊಟ್ಟೆ. ಏಪ್ರಿಲ್ ತಿಂಗಳ ತಣ್ಣನೆ ಗಾಳಿ ಒಳಗೆ ಬಂತು. ಅವಳು ಬಾಗಿಲ ಹಿಡಿ ಹಿಡಿದೇ ನಿಂತು, ಎಲ್ಲರೂ ಓದಿ ಮುಗಿಸುವವರೆಗೆ ಹೊರಗಿನ ಕತ್ತಲನ್ನೇ ನೋಡುತ್ತಿದ್ದಳು.